ಮೊಲದ ತಳಿ: ಚಿತ್ರ ಏನು ಹೇಳುತ್ತದೆ?

ಬಿಳಿ ಮೈ, ಕೆಂಪು ಕಣ್ಣು. ಕಿವಿ, ಮೂಗು, ಪಾದ ಮತ್ತು ಬಾಲ ಮಾತ್ರ ಕಪ್ಪು. ಇಂಥ ಸಾಕುಮೊಲದ ಛಾಯಾಚಿತ್ರ ನಿಮ್ಮ ಮುಂದಿದೆ ಎಂದುಕೊಳ್ಳಿ. ಅದು ಯಾವ ತಳಿ?

ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಆದರೆ ಒಂದೇ ಬಣ್ಣ ಹಲವು ತಳಿಗಳಲ್ಲಿ ಕಂಡುಬರುತ್ತದೆ. ಆದ್ದರಿಂದ ಮೊದಲು ಕಿವಿ, ಅನಂತರ ಕೂದಲು, ಕೊನೆಗೆ ಬಣ್ಣ ಎಂಬ ಕ್ರಮದಲ್ಲಿ ನೋಡಿ.

ಕಿವಿಗಳು ಕೆನ್ನೆಯ ಪಕ್ಕಕ್ಕೆ ಜೋತುಬಿದ್ದಿದ್ದರೆ ಅದು 'ಲಾಪ್' ಗುಂಪಿನ ಮೊಲ. ಇಲ್ಲೊಂದು ಎಚ್ಚರ ಬೇಕು. ಲಾಪ್ ಮರಿಗಳ ಕಿವಿ ಮೊದಲ ಕೆಲವು ವಾರ ನೆಟ್ಟಗೇ ಇದ್ದು, ಆಮೇಲೆ ಜೋಲುತ್ತದೆ. ಹಾಗಾಗಿ ಮರಿಯ ಚಿತ್ರದಿಂದ ತೀರ್ಮಾನಕ್ಕೆ ಬರಬೇಡಿ. ಗಿನಿಪಿಗ್‌ಗಳಲ್ಲಿ ಕಿವಿ ಹೆಚ್ಚು ನೆರವಾಗದು. ಎಲ್ಲ ತಳಿಗಳಲ್ಲೂ ಅದು ಹೂವಿನ ಎಸಳಿನಂತೆ ತುಸು ಬಾಗಿರುತ್ತದೆ.

ಗಿನಿಪಿಗ್‌ನಲ್ಲಿ ಗಮನಿಸಬೇಕಾದದ್ದು ಕೂದಲು. ಮೈತುಂಬ ಸುಳಿಗಳಿದ್ದರೆ ಅದು ಅಬಿಸೀನಿಯನ್. ಉದ್ದ ಕೂದಲು ಮುಂದಕ್ಕೆ ಬೆಳೆದು ಮುಖದ ಮೇಲೆ ಇಳಿದಿದ್ದರೆ ಪೆರುವಿಯನ್. ಹಿಂದಕ್ಕೆ ಸರಿದು ಮುಖ ತೆರೆದೇ ಇದ್ದರೆ ಶೆಲ್ಟಿ. ಮೊಲದಲ್ಲಿ ಕತ್ತಿನ ಸುತ್ತ ಮಾತ್ರ ಕೇಸರವಿದ್ದರೆ ಲಯನ್‌ಹೆಡ್, ಮೈಯೆಲ್ಲ ಉದ್ದ ಉಣ್ಣೆಯಿದ್ದರೆ ಅಂಗೋರಾ. ಆದರೆ ಆಗತಾನೆ ಉಣ್ಣೆ ಕತ್ತರಿಸಿದ ಅಂಗೋರಾ ಗಿಡ್ಡಕೂದಲಿನ ಮೊಲದಂತೆಯೇ ಕಾಣುತ್ತದೆ.

ಈಗ ನಮ್ಮ ಚಿತ್ರಕ್ಕೆ ಬರೋಣ. ಬೆಳೆದ ಮೊಲ, ನೆಟ್ಟಗಿನ ಕಿವಿ, ಗಿಡ್ಡ ಕೂದಲು. ಬಣ್ಣ 'ಹಿಮಾಲಯನ್' ಬಗೆಯದು. ಈ ಬಣ್ಣಕ್ಕೆ ಕಾರಣ ಒಂದು ಜೀನ್‌ನ ಬದಲಾದ ರೂಪ. ಮೆಲನಿನ್ ವರ್ಣಕ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಈ ಮೊಲಗಳಲ್ಲಿ ಆ ಕಿಣ್ವ ದೇಹದ ಬೆಚ್ಚಗಿನ ಭಾಗಗಳಲ್ಲಿ ಕೆಲಸ ಮಾಡುವುದಿಲ್ಲ. ತಂಪಾಗಿರುವ ಕಿವಿ, ಮೂಗು, ಪಾದ, ಬಾಲಗಳಲ್ಲಿ ಮಾಡುತ್ತದೆ. ಬೆನ್ನಿನ ಕೂದಲು ಬೋಳಿಸಿ ಅಲ್ಲಿ ಮಂಜುಗಡ್ಡೆಯ ಪೊಟ್ಟಣ ಕಟ್ಟಿದರೆ, ಹೊಸ ಕೂದಲು ಕಪ್ಪಾಗಿ ಹುಟ್ಟುತ್ತದೆ! ಎಂದರೆ ಬೇಸಿಗೆಯಲ್ಲಿ ಬೆಳೆದ ಕೂದಲಿನ ಕಪ್ಪು ಮಾಸಲಾಗಿರಬಹುದು. ಬಣ್ಣ ಎಷ್ಟು ಗಾಢ ಎಂಬುದರಿಂದ ತಳಿ ತಿಳಿಯದು.

ಇಂಥ ಬಣ್ಣದ ಎರಡು ಪ್ರಸಿದ್ಧ ತಳಿಗಳು ಹಿಮಾಲಯನ್ ಮತ್ತು ಕ್ಯಾಲಿಫೋರ್ನಿಯನ್. ಅಮೆರಿಕದ ಜಾರ್ಜ್ ವೆಸ್ಟ್ 1923ರಲ್ಲಿ ಕ್ಯಾಲಿಫೋರ್ನಿಯನ್ ತಳಿಯ ಅಭಿವೃದ್ಧಿಗೆ ತೊಡಗಿದಾಗ ಹಿಮಾಲಯನ್ ಮೊಲವನ್ನೂ ಬಳಸಿದ್ದರು. ಬಣ್ಣ ಬಂದದ್ದು ಅಲ್ಲಿಂದಲೇ. ಇವುಗಳನ್ನು ಬೇರ್ಪಡಿಸುವುದು ಮೈಕಟ್ಟು. ಹಿಮಾಲಯನ್ ಸುಮಾರು 2 ಕಿಲೋಗ್ರಾಂ ತೂಗುವ, ಕೊಳವೆಯಂತೆ ನೀಳವಾದ ಮೊಲ. ಕ್ಯಾಲಿಫೋರ್ನಿಯನ್ 4 ಕಿಲೋಗ್ರಾಂ ಆಸುಪಾಸಿನ, ತುಂಬಿದ ಮೈಯ ಮೊಲ.

ಚಿತ್ರದಲ್ಲಿ ತೂಕ ಕಾಣದು. ಮುದುರಿ ಕುಳಿತರೆ ಹಿಮಾಲಯನ್ ಕೂಡ ದುಂಡಗೆ ಕಾಣುತ್ತದೆ. ಹಾಗಾಗಿ ಮೊಲ ಮೈಚಾಚಿರುವಾಗ ಪಕ್ಕದಿಂದ ತೆಗೆದ, ಬದಿಯಲ್ಲಿ ಅಳತೆಪಟ್ಟಿ ಇಟ್ಟ ಚಿತ್ರ ಕೇಳಿ. ಅಷ್ಟಾದರೂ ಬೆರಕೆ ಮೊಲವೊಂದು ಇವೇ ಲಕ್ಷಣಗಳನ್ನು ತೋರಬಹುದು. ತಂದೆತಾಯಿಗಳ ವಿವರ ಗೊತ್ತಿಲ್ಲದಿದ್ದರೆ 'ಕ್ಯಾಲಿಫೋರ್ನಿಯನ್ ಹೋಲುವ ಮೊಲ' ಎಂದಷ್ಟೇ ಬರೆದುಕೊಳ್ಳಿ.