ಕಾರ್ಖಾನೆ ಬಾಗಿಲು ಹಾಕುವಾಗ ಕೈಗೆ ಕೊಡುವ ಕಾಗದ ಯಾವುದು? ಸೈನ್ ಹಾಕುವ ಮೊದಲು ಇದನ್ನು ಓದಿ

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ರಾಜ್ಯದಲ್ಲೆಲ್ಲ ಸುದ್ದಿಯಾಗಿತ್ತು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಯೂರೋ ಕ್ಲೋದಿಂಗ್ ಘಟಕದಲ್ಲಿ ಸುಮಾರು 1,200 ಕಾರ್ಮಿಕರನ್ನು ಲೇ-ಆಫ್ ಮಾಡಲಾಯಿತು. ಅವರಲ್ಲಿ ಹೆಚ್ಚಿನವರು ಸುತ್ತಮುತ್ತಲ ಹಳ್ಳಿಗಳ ಹೆಣ್ಣುಮಕ್ಕಳು. ಕೊರೊನಾದಿಂದ ಆರ್ಡರ್ ಇಲ್ಲ ಎಂದು ಕಂಪನಿ ಹೇಳಿತು. ಯೂನಿಯನ್ ಇದ್ದದ್ದೇ ಕಾರಣ ಎಂದು ಕಾರ್ಮಿಕರು ದೂರಿದರು. ಕಾರ್ಖಾನೆ ಎದುರು ವಾರಗಟ್ಟಲೆ ಧರಣಿ ನಡೆಯಿತು. ಕೊನೆಗೆ 2021ರ ಫೆಬ್ರವರಿಯಲ್ಲಿ ಮೈಸೂರಿನ ಘಟಕದಲ್ಲಿ ಮರುನೇಮಕ ಮಾಡುವ, ಯೂನಿಯನ್ ಜತೆ ಮಾತುಕತೆ ನಡೆಸುವ ಒಪ್ಪಂದವಾಯಿತು. ಅಷ್ಟರಲ್ಲಿ ಬಹಳಷ್ಟು ಜನ ರಾಜೀನಾಮೆಗೆ ಸೈನ್ ಹಾಕಿ ಲೆಕ್ಕ ಮುಗಿಸಿಕೊಂಡು ಹೋಗಿದ್ದರು.

ಮೂರು ಕಾಗದ, ಮೂರು ಲೆಕ್ಕ

ಜನ ಎಲ್ಲದಕ್ಕೂ 'ಕೆಲಸದಿಂದ ತೆಗೆದ್ರು' ಅಂತಾರೆ. ಕಾನೂನಿನಲ್ಲಿ ಹಾಗಲ್ಲ. 'ಲೇ-ಆಫ್' ಎಂದರೆ ಸದ್ಯಕ್ಕೆ ಕೆಲಸ ಇಲ್ಲ, ಆದರೆ ನೌಕರಿ ಉಳಿದಿದೆ. ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. 'ರಿಟ್ರೆಂಚ್‌ಮೆಂಟ್' ಎಂದರೆ ನೌಕರಿಯೇ ಮುಗಿಯಿತು, ಅದಕ್ಕೆ ಪರಿಹಾರ ಕೊಡಬೇಕು. ಮೂರನೆಯದು ರಾಜೀನಾಮೆ. ಅದು ಕಾರ್ಮಿಕ ತಾನಾಗಿಯೇ ಬಿಟ್ಟ ಲೆಕ್ಕ, ಹಾಗಾಗಿ ರಿಟ್ರೆಂಚ್‌ಮೆಂಟ್ ಪರಿಹಾರ ಸಿಗಲ್ಲ.

ವ್ಯತ್ಯಾಸ ಎಷ್ಟಾಗುತ್ತೆ? 200 ಜನರಿರುವ ಒಂದು ಕಾರ್ಖಾನೆಯ ಟೈಲರ್ ಉದಾಹರಣೆ ನೋಡೋಣ. ಸಂಬಳ 13,000 ರೂಪಾಯಿ, ಸರ್ವಿಸ್ 6 ವರ್ಷ. ಸಂಬಳವಿಡೀ ಮೂಲ ವೇತನ ಮತ್ತು ತುಟ್ಟಿಭತ್ಯೆ ಎಂದೇ ಇಟ್ಟುಕೊಳ್ಳೋಣ.

ಒಂದು ತಿಂಗಳ ಮುಂಚಿತ ನೋಟಿಸ್ ಕೊಡದಿದ್ದರೆ ಅದರ ಬದಲಿಗೆ 13,000. ವರ್ಷಕ್ಕೆ 15 ದಿನದ ಸರಾಸರಿ ವೇತನ, ಅಂದರೆ 6,500ರಂತೆ ಆರು ವರ್ಷಕ್ಕೆ 39,000 ಪರಿಹಾರ. ಗ್ರಾಚ್ಯುಟಿಗೆ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಆಗ ವರ್ಷಕ್ಕೆ 7,500, ಆರು ವರ್ಷಕ್ಕೆ 45,000. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ ಮರು-ಕೌಶಲ ನಿಧಿಗೆ ಮಾಲೀಕರು ಇನ್ನೂ 15 ದಿನದ ವೇತನ ಕಟ್ಟಬೇಕು, ಅದು 6,500. ಎಲ್ಲ ಸೇರಿ 1,03,500 ರೂಪಾಯಿ.

ಅದೇ ಟೈಲರ್ ರಾಜೀನಾಮೆಗೆ ಸೈನ್ ಹಾಕಿದರೆ ಹಕ್ಕಾಗಿ ಉಳಿಯೋದು ಗ್ರಾಚ್ಯುಟಿ 45,000 ಮಾತ್ರ. (ಬಾಕಿ ಸಂಬಳ, ಪಿಎಫ್ ಎರಡರಲ್ಲೂ ಬೇರೆಯಾಗಿಯೇ ಬರುತ್ತೆ.) ಒಂದು ಸೈನ್‌ನಿಂದ 58,500 ಹೋಯಿತು.

ದೊಡ್ಡ ಕಾರ್ಖಾನೆಗೆ ಅನುಮತಿ ಬೇಕು

ಶ್ರೀರಂಗಪಟ್ಟಣದ ಪ್ರಕರಣದ ಕಾಲಕ್ಕೆ 100 ಕಾರ್ಮಿಕರಿದ್ದರೆ ಸಾಕು, ಲೇ-ಆಫ್‌ಗೂ ಸರ್ಕಾರದ ಮುಂಚಿತ ಅನುಮತಿ ಬೇಕಿತ್ತು. ಈಗ ಆ ಮಿತಿ 300. ಅಂದರೆ ಮೇಲಿನ 200 ಜನರ ಕಾರ್ಖಾನೆ ಯಾರನ್ನೂ ಕೇಳಬೇಕಿಲ್ಲ. 300 ದಾಟಿದ ಕಡೆ ಅನುಮತಿಯ ಜತೆಗೆ ಮೂರು ತಿಂಗಳ ನೋಟಿಸ್ ಇಲ್ಲವೇ ಅದರ ವೇತನವೂ ಬೇಕು. ಅರ್ಜಿ ಕೊಟ್ಟ 60 ದಿನದಲ್ಲಿ ಸರ್ಕಾರ ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಹಾಗಾಗಿ ಆಕ್ಷೇಪಣೆ ಇದ್ದವರು ಆ ಅವಧಿಯೊಳಗೇ ಕಾರ್ಮಿಕ ಇಲಾಖೆಗೆ ಬರೆದು ಕೊಡಬೇಕು.

ಕಾನೂನು ಹೇಳದ ಬಾಕಿ

ದುಡ್ಡು ಚುಕ್ತಾ ಮಾಡಿದರೆ ಕಂಪನಿ ಕೆಲಸ ಮುಗೀತಾ? ಮೊದಲನೆಯದಾಗಿ, ಯಾರನ್ನು ತೆಗೆಯುತ್ತೇವೆ, ಯಾಕೆ ಅನ್ನೋದನ್ನು ಪಟ್ಟಿ ಹಾಕಿ ಹೇಳಬೇಕು. ಒಂದೇ ಬಗೆಯ ಕೆಲಸದಲ್ಲಿ ಕೊನೆಗೆ ಸೇರಿದವರು ಮೊದಲು ಹೋಗಬೇಕು ಅನ್ನೋದು ಕಾನೂನಿನ ಸಾಮಾನ್ಯ ನಿಯಮ. ಅದನ್ನು ಬಿಟ್ಟು ಯೂನಿಯನ್‌ನಲ್ಲಿ ಮುಂದೆ ಇದ್ದವರ ಹೆಸರೇ ಪಟ್ಟಿಯಲ್ಲಿ ತುಂಬಿದ್ದರೆ ಅನುಮಾನ ಬರೋದು ಸಹಜ.

ಎರಡನೆಯದು ಟ್ರಾನ್ಸ್‌ಫರ್. 'ಮೈಸೂರಿಗೆ ಬನ್ನಿ, ಕೆಲಸ ಇದೆ' ಎಂದು ಹೇಳೋದು ಸುಲಭ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಹಳ್ಳಿಯಿಂದ ಬಸ್ ಹಿಡಿಯಬೇಕಾದವಳಿಗೆ ಕಂಪನಿ ವಾಹನ ಇಲ್ಲದಿದ್ದರೆ ಅದು ಕೆಲಸ ಕೊಟ್ಟಂತಲ್ಲ, ತಾನಾಗೇ ಬಿಡಲಿ ಅಂದಂತೆ. ವಾಹನ, ಶಿಫ್ಟ್ ಸಮಯ, ಹಳೇ ಸರ್ವಿಸ್ ಮುಂದುವರಿಕೆ ಈ ಮೂರೂ ಬರಹದಲ್ಲಿ ಇರಬೇಕು.

ಮೂರನೆಯದು ಕಾಗದಪತ್ರ. ಸರ್ವಿಸ್ ಸರ್ಟಿಫಿಕೇಟ್ ಕೈಗೆ ಕೊಡಬೇಕು, ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸಬೇಕು. ಅದು ಆಗದಿದ್ದರೆ ಪಿಎಫ್ ದುಡ್ಡು ತೆಗೆಯೋಕೆ ಅಲೆದಾಟ ತಪ್ಪಲ್ಲ. ಇನ್ನು ಒಂದು ವರ್ಷದೊಳಗೆ ಮತ್ತೆ ನೇಮಕ ಮಾಡಿಕೊಂಡರೆ ರಿಟ್ರೆಂಚ್ ಆದವರಿಗೇ ಮೊದಲ ಅವಕಾಶ ಎಂದು ಕಾನೂನೇ ಹೇಳುತ್ತೆ. ಅದಕ್ಕೆ ಕಂಪನಿ ಅವರ ಈಗಿನ ಫೋನ್ ನಂಬರ್ ಬರೆದಿಟ್ಟುಕೊಂಡಿರಬೇಕಷ್ಟೇ.

ಸೈನ್ ಹಾಕುವ ಮೊದಲು ಕಾಗದದ ಫೋಟೊ ತೆಗೆದುಕೊಳ್ಳಿ. ಅದರಲ್ಲಿ 'ರಾಜೀನಾಮೆ' ಅಥವಾ 'ಸ್ವಇಚ್ಛೆಯಿಂದ' ಎಂಬ ಪದ ಇದೆಯಾ ಓದಿಸಿಕೊಳ್ಳಿ. ಇದ್ದರೆ, 'ನಾಳೆ ಹೇಳ್ತೀನಿ' ಎಂದು ಎದ್ದು ಬಂದು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ತೋರಿಸಿ.