ಮೂರೂವರೆ ಅಡಿಯಿಂದ ಕಂಡದ್ದು

ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಸಾಲ ಕೊಟ್ಟವನು ಬಾಗಿಲಿಗೆ ಬರುವ ದೃಶ್ಯವನ್ನು ಅಲ್ಲಿಂದ ಬರೆದರೆ ಮೊದಲು ಕಾಣುವುದು ಅವನ ಮುಖವಲ್ಲ; ಬೆಲ್ಟು, ಬೆರಳಲ್ಲಿ ತಿರುಗುವ ಬೈಕಿನ ಕೀ. ಸ್ಪೀಲ್‌ಬರ್ಗ್ 1982ರ ‘ಇ.ಟಿ.’ಯಲ್ಲಿ ತಾಯಿಯನ್ನುಳಿದು ದೊಡ್ಡವರ ಮುಖಗಳನ್ನು ಬಹುಹೊತ್ತು ಮರೆಮಾಡಿದರು; ಒಬ್ಬನ ಗುರುತಂತೂ ಸೊಂಟದ ಕೀಗೊಂಚಲು ಮಾತ್ರ.

ಮಾತು ಇನ್ನೂ ಕಷ್ಟ. “ಅಪ್ಪ ನನ್ನಿಂದ ಸುಳ್ಳು ಹೇಳಿಸುತ್ತಿದ್ದಾರೆ” ಎಂದರೆ ಅದು ಲೇಖಕರ ದನಿ. ಮಗು ಹೀಗೆನ್ನಬಹುದು: “ಅಪ್ಪ ಇಲ್ಲ. ಮಂಚದ ಕೆಳಗೂ ಇಲ್ಲ.” ಹೇಳಿಕೊಟ್ಟದ್ದನ್ನು ಒಪ್ಪಿಸಿ, ತನಗೆ ಗೊತ್ತಿದ್ದದ್ದನ್ನೂ ಸೇರಿಸಿತು. ಅದಕ್ಕೆ ಸಾಲದ ಅರ್ಥ ಗೊತ್ತಿಲ್ಲ, ನೋಡುಗರಿಗೆ ಗೊತ್ತು.

ಇಡೀ ದೃಶ್ಯ ಕೆಳಗೇ ಇರಬೇಕಿಲ್ಲ. ಬಂದವನು ಮಗುವನ್ನು ಎತ್ತಿಕೊಂಡರೆ ಕ್ಯಾಮೆರಾವೂ ಏರಲಿ; ಅವನ ದಣಿದ ಮುಖ ಆಗ ಮೊದಲ ಸಲ ಕಾಣಲಿ.