ತಿಂಗಳ ಕೊನೆಯ ಲೆಕ್ಕ: ನಷ್ಟ ಬೇರೆ, ತಪ್ಪು ಬೇರೆ

2024ರ ಜುಲೈನಲ್ಲಿ ಸೆಬಿ ಹೊರತಂದ ಅಧ್ಯಯನದ ಪ್ರಕಾರ, 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ವ್ಯವಹಾರ ಮಾಡಿದ 10 ಮಂದಿಯಲ್ಲಿ 7 ಮಂದಿ ಹಣ ಕಳೆದುಕೊಂಡಿದ್ದರು. ಹಣ ಎಲ್ಲಿ ಸೋರಿತು ಎಂದು ಪತ್ತೆ ಹಚ್ಚುವ ಸಾಧನವೇ ತಿಂಗಳ ವರದಿ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಬಂಡವಾಳ 5 ಲಕ್ಷ ರೂಪಾಯಿ. ಒಂದು ಟ್ರೇಡ್‌ನಲ್ಲಿ 2,500 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ಟ್ರೇಡರ್ ತಾನೇ ಹಾಕಿಕೊಂಡ ನಿಯಮ. ತಿಂಗಳಲ್ಲಿ 40 ಟ್ರೇಡ್. 18ರಲ್ಲಿ ಒಟ್ಟು 63,000 ಲಾಭ, 22ರಲ್ಲಿ 79,000 ನಷ್ಟ. ಬ್ರೋಕರೇಜ್, ಎಸ್‌ಟಿಟಿ ಮುಂತಾದ ಖರ್ಚು 6,000. ಉಳಿದದ್ದು 4,78,000.

ಈ ಕೊನೆಯ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ. ಪ್ರತಿದಿನ ಸಂಜೆ ಖಾತೆಯಲ್ಲಿದ್ದ ಮೊತ್ತವನ್ನು ಗುರುತು ಹಾಕಿ ಗೆರೆ ಎಳೆದರೆ ಸಿಗುವುದು ಈಕ್ವಿಟಿ ಕರ್ವ್. ಆ ತಿಂಗಳು ಖಾತೆಗೆ ಹಾಕಿದ, ತೆಗೆದ ಹಣವನ್ನು ಬಿಟ್ಟು ಎಳೆಯಬೇಕು. ಇಲ್ಲದಿದ್ದರೆ ಹೊಸದಾಗಿ ತುಂಬಿದ ದುಡ್ಡೇ ಲಾಭದಂತೆ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ಗೆರೆ ಮೆಲ್ಲಗೆ 5,12,000ಕ್ಕೆ ಏರಿ, ಒಂದೇ ದಿನ 31,500 ರೂಪಾಯಿ ಕುಸಿದು, ಮುಂದೆ 4,71,000ಕ್ಕೆ ಇಳಿದು, ಸ್ವಲ್ಪ ಚೇತರಿಸಿಕೊಂಡಿದೆ. ತುದಿಯಿಂದ ತಳಕ್ಕೆ ಶೇ. 8ರಷ್ಟು ಇಳಿತ. ಇದನ್ನೇ ಡ್ರಾಡೌನ್ ಎನ್ನುತ್ತಾರೆ.

ಆ ಒಂದು ದಿನವನ್ನು ಬಿಡಿಸಿ ನೋಡಬೇಕು. 400 ರೂಪಾಯಿಗೆ 500 ಷೇರು ಕೊಂಡು 395ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದ. ಬೆಲೆ ಹತ್ತಿರ ಬಂದಾಗ ಸ್ಟಾಪ್‌ಲಾಸ್ ತೆಗೆದುಹಾಕಿ, 394ಕ್ಕೆ ಇನ್ನೂ 500 ಕೊಂಡ. ಸರಾಸರಿ 397 ಆಯಿತು. 383ಕ್ಕೆ ಮಾರಿದಾಗ 14,000 ಹೋಯಿತು. ಅದನ್ನು ಅಂದೇ ವಾಪಸ್ ತರುವ ಹಟದಲ್ಲಿ ದೊಡ್ಡ ಪ್ರಮಾಣದ ಎರಡು ಟ್ರೇಡ್ ಮಾಡಿ 9,500 ಮತ್ತು 8,000 ಕಳೆದ.

ಉಳಿದ 19 ನಷ್ಟಗಳು ತಪ್ಪುಗಳಲ್ಲ. ಸ್ಟಾಪ್‌ಲಾಸ್ ಕೆಲಸ ಮಾಡಿದೆ, ಅಷ್ಟೇ. ಈ ಮೂರೂ 2,500ಕ್ಕೇ ನಿಂತಿದ್ದರೆ 24,000 ಉಳಿದು, ತಿಂಗಳು 2,000 ಲಾಭದಲ್ಲಿ ಮುಗಿಯುತ್ತಿತ್ತು. ಇದೇ ಮಾನದಂಡದಲ್ಲಿ, ಸ್ಟಾಪ್‌ಲಾಸ್ ತೆಗೆದೂ ಅದೃಷ್ಟದಿಂದ ಲಾಭ ತಂದ ಟ್ರೇಡ್ ಕೂಡ ತಪ್ಪುಗಳ ಪಟ್ಟಿಗೇ ಸೇರಬೇಕು. ಬಹಳ ಜನ ಅದನ್ನು ಬರೆಯುವುದಿಲ್ಲ. ಮುಂದಿನ ದೊಡ್ಡ ಹೊಡೆತ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಹೊಸ ನಿಯಮಗಳು ಎರಡಿದ್ದರೆ ಸಾಕು, ಆದರೆ ಪಾಲಿಸಿದನೋ ಇಲ್ಲವೋ ಎಂದು ಆರ್ಡರ್ ಬುಕ್ಕೇ ಹೇಳುವಂತಿರಬೇಕು. ‘ಶಿಸ್ತು ಬೇಕು’ ಎಂದು ಬರೆದರೆ ಪರೀಕ್ಷಿಸುವುದು ಹೇಗೆ? ‘ನಷ್ಟದಲ್ಲಿರುವ ಷೇರನ್ನು ಮತ್ತೆ ಕೊಳ್ಳುವುದಿಲ್ಲ’, ‘ದಿನದ ನಷ್ಟ 7,500 ಮುಟ್ಟಿದರೆ ಅಂದಿನ ವ್ಯವಹಾರ ಬಂದ್’ ಎಂದರೆ ಪರೀಕ್ಷಿಸಬಹುದು. ಷೇರು ಆಯ್ಕೆಯ ವಿಧಾನವನ್ನು ಮಾತ್ರ ಸದ್ಯಕ್ಕೆ ಮುಟ್ಟಬಾರದು. 40 ಟ್ರೇಡ್‌ಗಳಲ್ಲಿ 18 ಗೆಲುವು ವಿಧಾನದ ಫಲವೋ ಅದೃಷ್ಟವೋ ಎಂದು ತೀರ್ಮಾನಿಸಲು ಒಂದು ತಿಂಗಳು ಸಾಲದು. ಅದೇ ವಿಧಾನದ ಇನ್ನೂ ಹಲವು ತಿಂಗಳ ಟ್ರೇಡ್‌ಗಳು ಬೇಕು.